ಅಮ್ಮನ ಬಂಗಾರ ಮಾರಿದ್ದು 2025ರಲ್ಲಿ, ಲೆಕ್ಕ ನಿಂತಿದ್ದು 2018ರ ದರದ ಮೇಲೆ

ಮೊನ್ನೆಯಷ್ಟೇ ನಮ್ಮ ಟ್ಯಾಕ್ಸ್ ರಿಟರ್ನ್ ಕಳಿಸಿ ಮುಗಿಸಿದೆ. ಅದರಲ್ಲಿ ಒಂದೇ ಒಂದು ಸಾಲು ನನ್ನನ್ನು ಎರಡು ತಿಂಗಳು ಅಲೆಸಿತು. ಅಮ್ಮ ಬಿಟ್ಟುಹೋದ ಬಂಗಾರವನ್ನು ಮಾರಿದ ಸಾಲು ಅದು. ಅಮೆರಿಕದಲ್ಲಿ ಇರುವ ನಮ್ಮವರ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನ ಬಂಗಾರ ಲಾಕರಿನಲ್ಲಿದೆ. ಇವತ್ತಲ್ಲ ನಾಳೆ ಒಂದಷ್ಟು ಮಾರಬೇಕಾಗುತ್ತದೆ. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೇ ಬಂದು ನಮ್ಮ ಜೊತೆ ಇದ್ದರು. 2018ರ ಆಗಸ್ಟ್‌ನಲ್ಲಿ, ಒಂದು ಭಾನುವಾರ ಬೆಳಗ್ಗೆ, ಹೋಗಿಬಿಟ್ಟರು. ಅವರ ಬಂಗಾರ ಎರಡು ಕಡೆ ಇತ್ತು. ನಾಲ್ಕು ಬಳೆ ಮತ್ತು ಅವಲಕ್ಕಿ ಸರ ಇಲ್ಲಿ ನಮ್ಮ ಮನೆಯಲ್ಲಿ. ಹೆಚ್ಚು ಕಡಿಮೆ ಅಷ್ಟೇ ತೂಕದ್ದು ಮೈಸೂರಿನ ಬ್ಯಾಂಕ್ ಲಾಕರಿನಲ್ಲಿ. ಇಲ್ಲಿದ್ದದ್ದು ನನಗೆ, ಅಲ್ಲಿದ್ದದ್ದು ತಮ್ಮನಿಗೆ ಅಂತ ಅಮ್ಮ ವಿಲ್‌ನಲ್ಲಿ ಬರೆದಿಟ್ಟಿದ್ದರು. ಏನೂ ತಕರಾರು ಇರಲಿಲ್ಲ. ಆರೂವರೆ ವರ್ಷ ಡಬ್ಬಿ ತೆಗೆದು ನೋಡುವುದಕ್ಕೂ ನನಗೆ ಮನಸ್ಸು ಬರಲಿಲ್ಲ.

ಕಳೆದ ವರ್ಷ ಮಾರ್ಚ್‌ನಲ್ಲಿ ಮಗಳ ಕಾಲೇಜು ಫೀಸಿಗೆ ದುಡ್ಡು ಬೇಕಾಯಿತು. ಆಗಷ್ಟೇ ಚಿನ್ನ ಔನ್ಸಿಗೆ ಮೂರು ಸಾವಿರ ಡಾಲರ್ ಮುಟ್ಟಿತ್ತು. ಮೊಮ್ಮಗಳ ಓದಿಗೆ ಅಂದರೆ ಅಮ್ಮನೇ ಮೊದಲು ತೆಗೆದು ಕೊಡುತ್ತಿದ್ದರು ಅನ್ನಿಸಿ ಡಬ್ಬಿ ತೆಗೆದೆ.

ಮೊದಲು ಹೋದ ಅಂಗಡಿಯಲ್ಲಿ ಗ್ರಾಂ ಮಾತೇ ಇಲ್ಲ. ಇಲ್ಲಿ ಹಳೆ ಬಂಗಾರ ಕೊಳ್ಳುವವರು ಪೆನ್ನಿವೇಟ್ ಅನ್ನುವ ತೂಕದಲ್ಲಿ ದರ ಹೇಳುತ್ತಾರೆ. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ, ಅದರಲ್ಲಿ ಇಪ್ಪತ್ತು ಪೆನ್ನಿವೇಟ್. ಅಂದರೆ ಒಂದು ಪೆನ್ನಿವೇಟ್ ಸುಮಾರು ಒಂದೂವರೆ ಗ್ರಾಂ. ಅವನು ಒಂದಕ್ಕೆ 95 ಡಾಲರ್ ಅಂದ. ಗ್ರಾಂ ಲೆಕ್ಕದಲ್ಲಿ ಯೋಚಿಸುವವರಿಗೆ ಅದು ದೊಡ್ಡ ದರದ ಹಾಗೆ ಕೇಳಿಸುತ್ತದೆ. ಮನೆಗೆ ಬಂದು ಗುಣಿಸಿ ನೋಡಿದರೆ ಒಳಗಿರುವ ಚಿನ್ನದ ಬೆಲೆಯ ಮುಕ್ಕಾಲು ಭಾಗವೂ ಇಲ್ಲ. ಎರಡನೇ ಅಂಗಡಿಯವರು ನಮ್ಮ ಕಡೆಯ 22 ಕ್ಯಾರೆಟ್ ಒಡವೆ ನೋಡಿ ಗೊತ್ತಿದ್ದವರು. ಬಳೆಯನ್ನು ಎಕ್ಸ್‌ರೇ ಮೆಷಿನ್ ಕೆಳಗೆ ಇಟ್ಟರು. ಅರ್ಧ ನಿಮಿಷ. ತೆರೆಯ ಮೇಲೆ ಚಿನ್ನ ಶೇಕಡ 88, ಉಳಿದದ್ದು ತಾಮ್ರ, ಬೆಳ್ಳಿ ಅಂತ ಬಂತು. 22 ಕ್ಯಾರೆಟ್ ಆಗಿದ್ದರೆ 91.6 ಇರಬೇಕಿತ್ತು. ಹಾಲ್‌ಮಾರ್ಕ್ ಬರುವುದಕ್ಕೆ ಮುಂಚಿನ ಒಡವೆಗಳಲ್ಲಿ ಇಷ್ಟು ವ್ಯತ್ಯಾಸ ಇದ್ದದ್ದೇ ಅಂದರು. ಸರದ ಕಾಳುಗಳನ್ನು ಮೂರು ಕಡೆ ಇಟ್ಟು ನೋಡಿದರು, ಅಲ್ಲೂ ಅಷ್ಟೇ.

ಒಟ್ಟು ತೂಕ 110 ಗ್ರಾಂ. ಅದರಲ್ಲಿ ಅಪ್ಪಟ ಚಿನ್ನ 96.8 ಗ್ರಾಂ, ಅಂದರೆ 3.11 ಔನ್ಸ್. ಅವತ್ತಿನ ದರದ ಮೇಲೆ ಶೇಕಡ 92 ಕೊಟ್ಟರು. ಕೈಗೆ ಬಂದದ್ದು 8,590 ಡಾಲರ್. ನನ್ನ ಲೈಸೆನ್ಸ್ ಪ್ರತಿ ತೆಗೆದುಕೊಂಡು ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ತಕ್ಕಡಿಯ ಮೇಲೆ ಬಳೆ ಇದ್ದಾಗ ನಾನು ಫೋನಿನಲ್ಲಿ ಫೋಟೋ ತೆಗೆದೆ. ತೂಕದ ಅಂಕಿ, ಬಳೆ, ಎರಡೂ ಅದರಲ್ಲಿ ಬಂದಿತ್ತು. ಮೆಷಿನ್ನಿನ ಚೀಟಿಯನ್ನೂ ಕೇಳಿ ತಗೊಂಡೆ. ಅಮ್ಮನ ನೆನಪಿಗೆ ಇರಲಿ ಅಂತ ಮಾಡಿದ್ದು ಅಷ್ಟೇ. ಮುಂದೆ ಅದೇ ನನ್ನನ್ನು ಉಳಿಸಿತು. ನೀವು ಮಾರುವುದಾದರೆ ಇವೆರಡನ್ನು ಮರೆಯಬೇಡಿ. ಒಡವೆ ಕರಗಿಸಿದ ಮೇಲೆ ಬೇರೆ ಸಾಕ್ಷಿ ಇರುವುದಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಟ್ಯಾಕ್ಸ್ ಮಾಡಿಸಲು ಹೋದಾಗ ಶುರುವಾಯಿತು. ಟ್ಯಾಕ್ಸ್ ಮಾಡುವವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟಕ್ಕೆ ತಗೊಂಡಿದ್ದು, ಬಿಲ್ ಎಲ್ಲಿ?" ಅಮ್ಮ 1980ರ ದಶಕದಲ್ಲಿ ಮೈಸೂರಿನಲ್ಲಿ ಮಾಡಿಸಿದ್ದು, ಬಿಲ್ ಇಲ್ಲ ಅಂದೆ. ಹಾಗಾದರೆ ಅಸಲು ಸೊನ್ನೆ ಅಂತ ಹಾಕುತ್ತೇನೆ, ಬಂದ 8,590 ಪೂರ್ತಿ ಲಾಭ ಅಂದರು. ನನಗೆ ತುಂಬಾ ಬೇಜಾರಾಯಿತು. ಅಮ್ಮ ಒಂದೊಂದೇ ಬಳೆಗೆ ಚೀಟಿ ಕಟ್ಟಿ, ತಿಂಗಳ ಖರ್ಚಿನಲ್ಲಿ ಉಳಿಸಿ ಮಾಡಿಸಿದ ಬಂಗಾರ. ಅದರ ಅಸಲು ಸೊನ್ನೆ ಅಂದರೆ ಹೇಗೆ?

ಅವರ ಹತ್ತಿರ ವಾದ ಮಾಡದೆ ಮನೆಗೆ ಬಂದು ಐಆರ್‌ಎಸ್‌ನ ಪಬ್ಲಿಕೇಶನ್ 551 ತೆಗೆದು ಓದಿದೆ. ಯಾವ ಆಸ್ತಿಗೆ ಯಾವ ಅಸಲು ಬೆಲೆ ಅಂತ ಹೇಳುವ ಕೈಪಿಡಿ ಅದು. ಇಲ್ಲಿನವರು ಅಸಲನ್ನು ಬೇಸಿಸ್ ಅನ್ನುತ್ತಾರೆ. ಅದರಲ್ಲಿ ಸ್ಪಷ್ಟವಾಗಿ ಇದೆ. ತೀರಿಕೊಂಡವರಿಂದ ಬಂದ ಆಸ್ತಿಗೆ ಅಸಲು ಅವರು ಕೊಟ್ಟ ಬೆಲೆಯಲ್ಲ. ಅವರು ತೀರಿಕೊಂಡ ದಿನ ಮಾರುಕಟ್ಟೆಯಲ್ಲಿ ಅದಕ್ಕೆ ಎಷ್ಟು ಬೆಲೆ ಇತ್ತೋ ಅದು. ಅಂದರೆ ಅಮ್ಮ 1986ರಲ್ಲಿ ಎಷ್ಟಕ್ಕೆ ಕೊಂಡರು ಅನ್ನುವುದನ್ನು ನನ್ನ ಲೆಕ್ಕಕ್ಕೆ ಯಾರೂ ಕೇಳುವ ಹಾಗೇ ಇಲ್ಲ. ಅಲ್ಲಿಂದ 2018ರವರೆಗೆ ಏರಿದ ಬೆಲೆಗೆ ಟ್ಯಾಕ್ಸೇ ಇಲ್ಲ. 2018ರ ಆ ದಿನದಿಂದ ಮಾರಿದ ದಿನದವರೆಗೆ ಏರಿದ್ದಕ್ಕೆ ಮಾತ್ರ ಟ್ಯಾಕ್ಸ್. ತೀರಿಕೊಂಡವರ ಆಸ್ತಿಗೆ ಹಾಕುವ ಎಸ್ಟೇಟ್ ಟ್ಯಾಕ್ಸ್ ಕಟ್ಟುವಷ್ಟು ಆಸ್ತಿ ಇದ್ದವರಿಗೆ ಮಾತ್ರ ಈ ನಿಯಮ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಅಮ್ಮನ ಹೆಸರಿನಲ್ಲಿ ಎಸ್ಟೇಟ್ ರಿಟರ್ನ್ ಸಲ್ಲಿಸಬೇಕಾದಷ್ಟು ಆಸ್ತಿ ಇರಲೇ ಇಲ್ಲ. ಆದರೂ ನಿಯಮ ಅದೇ.

ಆದರೆ ದರ ಏನಿತ್ತು ಅಂತ ತೋರಿಸುವ ಜವಾಬ್ದಾರಿ ನಮ್ಮದು. ತೋರಿಸಲು ಆಗದಿದ್ದರೆ ಐಆರ್‌ಎಸ್‌ನವರು ಸೊನ್ನೆ ಅಂತ ಹಿಡಿಯಬಹುದು. ಆ ಟ್ಯಾಕ್ಸ್‌ನವರು ಹೆದರಿದ್ದು ಅದಕ್ಕೇ ಅಂತ ಆಮೇಲೆ ಅರ್ಥವಾಯಿತು.

ನನ್ನ ಹತ್ತಿರ ಒಂದು ಕಾಗದ ಇತ್ತು. 2017ರಲ್ಲಿ ಮನೆ ಇನ್ಶೂರೆನ್ಸ್‌ಗೆ ಒಡವೆಗಳನ್ನು ಸೇರಿಸುವಾಗ ಬೆಲೆ ಕಟ್ಟಿಸಿದ್ದೆವು. ಅದರಲ್ಲಿ 7,000 ಡಾಲರ್ ಅಂತ ಇತ್ತು. ಇದನ್ನೇ ಅಸಲು ಅಂತ ಹಾಕಿಬಿಡಬಹುದಲ್ವಾ ಅಂತ ಖುಷಿಯಾಯಿತು. ಎರಡನೇ ಟ್ಯಾಕ್ಸ್‌ನವರು, ಗೆಳತಿಯೊಬ್ಬಳು ಹೇಳಿದ ಒಬ್ಬ ಸಿಪಿಎ, ಬೇಡ ಅಂದರು. ಇನ್ಶೂರೆನ್ಸ್‌ಗೆ ಬರೆಯುವುದು ಕಳೆದುಹೋದರೆ ಅಂಗಡಿಯಲ್ಲಿ ಹೊಸದು ಕೊಳ್ಳಲು ಎಷ್ಟು ಬೇಕು ಅನ್ನುವ ಬೆಲೆ. ಅದರಲ್ಲಿ ಮಜೂರಿ, ಅಂಗಡಿಯವರ ಲಾಭ ಎಲ್ಲಾ ಸೇರಿರುತ್ತದೆ. ಇಲ್ಲಿ ಬೇಕಾದದ್ದು ಇದ್ದ ಹಾಗೆ ಆ ಒಡವೆಯನ್ನು ಅವತ್ತು ಮಾರಿದ್ದರೆ ತಿಳಿದ ಒಬ್ಬ ಕೊಳ್ಳುವವ ಎಷ್ಟು ಕೊಡುತ್ತಿದ್ದ ಅನ್ನುವ ಬೆಲೆ. ಎರಡೂ ಬೇರೆ. ಆದರೂ ಆ ಕಾಗದ ಎಸೆಯಬೇಡಿ ಅಂದರು. ಅದರಲ್ಲಿ ಒಡವೆಗಳ ಫೋಟೋ ಮತ್ತು ತೂಕ ಇತ್ತು. ತೀರಿಕೊಳ್ಳುವ ಮುಂಚೆ ಅಮ್ಮನ ಹತ್ತಿರ ಇದೇ ಬಂಗಾರ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ.

ಬೆಲೆಗೆ ಬೇರೆ ಅಪ್ರೈಸರ್ ಬೇಕು, ಹಿಂದಿನ ತಾರೀಖಿಗೆ ಬೆಲೆ ಕಟ್ಟಿಕೊಡುವವರು. ಇಬ್ಬರಿಗೆ ಫೋನ್ ಮಾಡಿದೆ. ಒಡವೆ ತಂದು ತೋರಿಸಿ ಅಂದರು. ಮಾರಿ ಹನ್ನೊಂದು ತಿಂಗಳಾಯಿತು ಅಂದರೆ ಆಗಲ್ಲ ಅಂದುಬಿಟ್ಟರು. ನನಗೆ ಕೈಕಾಲು ತಣ್ಣಗಾಯಿತು. ಮಾರುವ ಮುಂಚೆಯೇ ಈ ಕೆಲಸ ಮುಗಿಸಿದ್ದರೆ ಒಂದು ವಾರದಲ್ಲಿ ಆಗುತ್ತಿತ್ತು. ದಯವಿಟ್ಟು ನೀವು ಮೊದಲು ಬೆಲೆ ಕಟ್ಟಿಸಿ, ಆಮೇಲೆ ಮಾರಿ. ಇನ್ನೂ ಒಳ್ಳೆಯದು, ತೀರಿಕೊಂಡ ವರ್ಷವೇ ಮಾಡಿಸಿಟ್ಟುಬಿಡಿ. ಆ ದುಃಖದಲ್ಲಿ ಇದೆಲ್ಲಾ ಯಾರಿಗೆ ಹೊಳೆಯುತ್ತದೆ, ಗೊತ್ತು. ಆದರೂ ಹೇಳುತ್ತಿದ್ದೇನೆ.

ಮೂರನೆಯವರು ಒಪ್ಪಿಕೊಂಡರು. ಕಾಗದಗಳ ಮೇಲೆಯೇ ಬೆಲೆ ಕಟ್ಟುತ್ತೇನೆ, ಒಡವೆ ಕಣ್ಣಾರೆ ನೋಡಿಲ್ಲ ಅಂತ ವರದಿಯಲ್ಲಿ ಬರೆಯುತ್ತೇನೆ ಅಂದರು. ನಾನು ಕೊಟ್ಟದ್ದು ಅಮ್ಮನ ಡೆತ್ ಸರ್ಟಿಫಿಕೇಟ್, ವಿಲ್, 2017ರ ಇನ್ಶೂರೆನ್ಸ್ ಕಾಗದ, ಅಂಗಡಿಯ ರಸೀದಿ, ಮೆಷಿನ್ ಚೀಟಿ, ತಕ್ಕಡಿಯ ಫೋಟೋ. ಭಾನುವಾರ ಚಿನ್ನದ ವ್ಯಾಪಾರ ಇರುವುದಿಲ್ಲವಲ್ಲ, ಅದಕ್ಕೆ ಅವರು ಹಿಂದಿನ ಶುಕ್ರವಾರ ಮತ್ತು ಮುಂದಿನ ಸೋಮವಾರದ ಲಂಡನ್ ದರ ಹಿಡಿದು ಸರಾಸರಿ ತೆಗೆದರು. ಷೇರುಗಳಿಗೆ ಇರುವ ಪದ್ಧತಿ ಅದು, ಚಿನ್ನಕ್ಕೂ ಅದನ್ನೇ ಅನುಸರಿಸಿದರು. ಔನ್ಸಿಗೆ 1,205 ಡಾಲರ್ ಆಸುಪಾಸು ಬಂತು. 3.11 ಔನ್ಸಿಗೆ 3,750 ಡಾಲರ್.

ಇಲ್ಲಿ ಒಂದು ವಿಷಯ ಗಮನಿಸಿ. ಬಳೆ 22 ಕ್ಯಾರೆಟ್ ಅಂತ ನಾನು ಹೇಳಿದ್ದರೆ 2018ರ ಬೆಲೆ ಇನ್ನೂ ನೂರೈವತ್ತು ಡಾಲರ್ ಜಾಸ್ತಿ ಬರುತ್ತಿತ್ತು. ಆದರೆ ಮಾರುವಾಗ 88 ಅಂತ ಚೀಟಿ ಇದೆ. ಅಸಲಿಗೆ ಒಂದು ಶುದ್ಧತೆ, ಮಾರಾಟಕ್ಕೆ ಇನ್ನೊಂದು ಶುದ್ಧತೆ ಅಂದರೆ ಯಾರಾದರೂ ಕೇಳಿದಾಗ ಉತ್ತರ ಇರುವುದಿಲ್ಲ. ಎರಡು ಕಡೆಯೂ ಒಂದೇ ತೂಕ, ಒಂದೇ ಶುದ್ಧತೆ ಇರಬೇಕು, ದರ ಮಾತ್ರ ಬೇರೆ. ಮಜೂರಿಯನ್ನೂ ಅವರು ಸೇರಿಸಲಿಲ್ಲ. ಇಲ್ಲಿ ನಮ್ಮ ಒಡವೆಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆಗಿಂತ ಹೆಚ್ಚು ಸಿಗುವುದಿಲ್ಲ ಅಂತ ಕಾರಣ ಬರೆದರು. ಮೂರು ವಾರ ಹಿಡಿಯಿತು, 275 ಡಾಲರ್ ಖರ್ಚಾಯಿತು.

ಈಗ ಲೆಕ್ಕ ನೋಡಿ. ಬಂದದ್ದು 8,590. ಅಸಲು 3,750. ಲಾಭ 4,840. ಚಿನ್ನವನ್ನು ಇಲ್ಲಿ ಷೇರಿನ ಹಾಗೆ ನೋಡುವುದಿಲ್ಲ. ಹಳೆ ನಾಣ್ಯ, ಚಿತ್ರ, ಹರಳುಗಳ ಜೊತೆ ಕಲೆಕ್ಟಿಬಲ್ಸ್ ಅನ್ನುವ ಗುಂಪಿಗೆ ಹಾಕುತ್ತಾರೆ. ಅದಕ್ಕೆ ಲಾಂಗ್ ಟರ್ಮ್ ಲಾಭದ ಮೇಲೆ ಟ್ಯಾಕ್ಸ್ ಹೆಚ್ಚೆಂದರೆ ಶೇಕಡ 28. ನಮ್ಮ ಸ್ಲ್ಯಾಬ್ 24 ಆದ್ದರಿಂದ ನಮಗೆ 24. ಲೆಕ್ಕ ಹಾಕಿದರೆ ಸುಮಾರು 1,160 ಡಾಲರ್. ಅಸಲು ಸೊನ್ನೆ ಅಂತ ಹಾಕಿದ್ದರೆ 2,060 ಕಟ್ಟಬೇಕಿತ್ತು. ಸರಿಯಾಗಿ 900 ಡಾಲರ್ ವ್ಯತ್ಯಾಸ. ಟೆಕ್ಸಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಇದ್ದ ಕಡೆ ವ್ಯತ್ಯಾಸ ಇನ್ನೂ ದೊಡ್ಡದು. ಆದಾಯ ತುಂಬಾ ಇರುವವರಿಗೆ ಮೇಲೆ ಶೇಕಡ 3.8 ಬೇರೆ ಬೀಳಬಹುದು.

ಫಾರಂ ತುಂಬುವುದು ಅಷ್ಟು ಕಷ್ಟವಲ್ಲ. ಫಾರಂ 8949ರ ಎರಡನೇ ಭಾಗ, ಅಂದರೆ ಲಾಂಗ್ ಟರ್ಮ್. ಮಾರಾಟವನ್ನು ಸರ್ಕಾರಕ್ಕೆ ತಿಳಿಸುವ 1099-ಬಿ ಫಾರಂ ಅಂಗಡಿಯವರು ಕೊಟ್ಟಿರಲಿಲ್ಲ, ಅದಕ್ಕೆ ಎಫ್ ಬಾಕ್ಸ್. ಕೊಂಡ ತಾರೀಖು ಕೇಳುವ ಕಾಲಂನಲ್ಲಿ ತಾರೀಖು ಬೇಡ, `INHERITED` ಅಂತ ಬರೆಯಬೇಕು. ತೀರಿಕೊಂಡ ಮಾರನೇ ವಾರ ಮಾರಿದ್ದರೂ ಅದು ಲಾಂಗ್ ಟರ್ಮ್ ಅಂತಲೇ ಲೆಕ್ಕ. ಕೋಡ್ ಕಾಲಂನಲ್ಲಿ `C` ಹಾಕಬೇಕು, ಅದು ಕಲೆಕ್ಟಿಬಲ್ಸ್ ಗುರುತು. ಅಂಗಡಿಯವರು ಸರ್ಕಾರಕ್ಕೆ ಏನೂ ತಿಳಿಸಿಲ್ಲ, ಸುಮ್ನೆ ಯಾಕೆ ತೋರಿಸ್ತೀಯ ಅಂತ ಒಬ್ಬರು ಹೇಳಿದರು. ಅವರು ತಿಳಿಸಲಿ ಬಿಡಲಿ, ಲಾಭ ಬಂದಿದ್ದರೆ ನಾವು ತೋರಿಸಲೇಬೇಕು. ಅಮ್ಮನ ಬಂಗಾರದ ದುಡ್ಡನ್ನು ಮುಚ್ಚಿಡುವುದು ನನಗೆ ಬೇಕಿರಲಿಲ್ಲ.

ಇನ್ನು ನಾನು ಮಾರದೆ ಉಳಿಸಿಕೊಂಡ ಎರಡು ಬಳೆಗಳ ವಿಷಯ. ಅಮ್ಮನ ಬಳೆಗಳು ಒಟ್ಟು ಆರು. ಎಲ್ಲಾ ಒಂದೇ ಜೊತೆ, ಒಂದೇ ಅಕ್ಕಸಾಲಿ ಮಾಡಿದ್ದು, ಒಂದೊಂದು 17 ಗ್ರಾಂ. ಅದರಲ್ಲಿ ಎರಡನ್ನು ಅಮ್ಮ 2009ರ ಗೌರಿ ಹಬ್ಬಕ್ಕೆ ನನಗೆ ಬಾಗಿನದ ಜೊತೆ ಕೈಗೇ ತೊಡಿಸಿ ಕೊಟ್ಟಿದ್ದರು. ಕಳೆದ ಮಾರ್ಚ್‌ನಲ್ಲಿ ಅವನ್ನು ಮಾರಿರಲಿಲ್ಲ, ಕೈಯಿಂದ ತೆಗೆಯಲು ಆಗಲಿಲ್ಲ ಅಷ್ಟೇ. ಮುಂದಿನ ವರ್ಷದ ಫೀಸಿಗೆ ಅವನ್ನೂ ಕೊಟ್ಟುಬಿಡೋಣ ಅಂತ ಯೋಚನೆ ಇತ್ತು. ಸಿಪಿಎ ಕೇಳಿದರು, ಅವು ಬದುಕಿದ್ದಾಗ ಕೊಟ್ಟದ್ದೋ, ಹೋದ ಮೇಲೆ ಬಂದದ್ದೋ?

ಬದುಕಿದ್ದಾಗ ಕೊಟ್ಟರೆ ಅದು ಗಿಫ್ಟ್. ಗಿಫ್ಟ್‌ಗೆ 2018ರ ದರ ಸಿಗುವುದಿಲ್ಲ. ಕೊಟ್ಟವರ ಅಸಲೇ ನಮ್ಮ ಅಸಲು. ಆ ಎರಡು ಬಳೆಯ ಬಿಲ್ಲನ್ನು ಮಾತ್ರ ಅಮ್ಮ ಡಬ್ಬಿಯ ತಳದಲ್ಲಿ ಮಡಚಿ ಇಟ್ಟಿದ್ದರು. ಹಳದಿಯಾಗಿ, ಮಡಿಕೆಗಳಲ್ಲಿ ಹರಿದು, ನೀಲಿ ಕಾರ್ಬನ್ ಅಕ್ಷರ ಅರ್ಧ ಅಳಿಸಿದೆ. 1986, ಮಜೂರಿ ಸೇರಿ 7,560 ರೂಪಾಯಿ. ಆಗ ಡಾಲರಿಗೆ ಹನ್ನೆರಡೂವರೆ ರೂಪಾಯಿ ಹತ್ತಿರ ಇತ್ತು, ಹಾಗಾಗಿ ಸುಮಾರು 600 ಡಾಲರ್. ಅದೇ ಎರಡು ಬಳೆ ಅಮ್ಮನ ಡಬ್ಬಿಯಲ್ಲೇ ಉಳಿದು 2018ರಲ್ಲಿ ಬಂದಿದ್ದರೆ ಅಸಲು 1,150 ಡಾಲರ್ ದಾಟುತ್ತಿತ್ತು. ಒಂದೇ ಅಕ್ಕಸಾಲಿಯ ಒಂದೇ ಜೊತೆ ಬಳೆ, ಕೈಗೆ ಬಂದ ದಾರಿ ಬೇರೆ ಆದದ್ದಕ್ಕೆ ಲೆಕ್ಕ ಬೇರೆ. ನಿಮ್ಮ ಡಬ್ಬಿಯಲ್ಲೂ ಎರಡೂ ಥರದ್ದು ಕಲೆತಿರಬಹುದು. ಯಾವುದು ಯಾವಾಗ ಕೊಟ್ಟದ್ದು ಅಂತ ನೆನಪಿರುವಾಗಲೇ ಬರೆದು ಬೇರೆ ಬೇರೆ ಕಟ್ಟಿಡಿ. ಮಾರುವ ಅವಸರ ಬಂದರೆ ಅಸಲು ಜಾಸ್ತಿ ಇರುವುದನ್ನು ಮೊದಲು ಮಾರಬಹುದು.

ತೀರಿಕೊಂಡ ದಿನದ ದರ ಯಾವಾಗಲೂ ನಮ್ಮ ಪರವಾಗಿಯೇ ಇರುತ್ತದೆ ಅಂತಲೂ ಅಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಔನ್ಸಿಗೆ 1,900 ಹತ್ತಿರ ಇದ್ದಾಗ ಕೊಂಡವರು 2015ರ ಕೊನೆಯಲ್ಲಿ ತೀರಿಕೊಂಡಿದ್ದರೆ ಅಸಲು 1,060ರ ಆಸುಪಾಸಿಗೆ ಇಳಿದುಬಿಡುತ್ತದೆ. ಕೊಂಡ ಬಿಲ್ ಕೈಯಲ್ಲಿದ್ದರೂ ಅದನ್ನು ಹಿಡಿಯುವ ಹಾಗಿಲ್ಲ.

ತಮ್ಮನ ಕಥೆ ಹೇಳದಿದ್ದರೆ ಇದು ಅರ್ಧವೇ. ಅವನೂ ಅದೇ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ತನ್ನ ಪಾಲು ಮಾರಿದ್ದ. ತೂಕ ಅಷ್ಟೇ, ಶುದ್ಧತೆ ಹೆಚ್ಚು ಕಡಿಮೆ ಅಷ್ಟೇ. ಸುಮಾರು 8.3 ಲಕ್ಷ ಬಂತು. ನಾನು ಇಲ್ಲಿನ ನಿಯಮ ಹೇಳಿದಾಗ ಅವನಿಗೆ ಖುಷಿಯಾಯಿತು. "ಅಕ್ಕ, ಹಂಗಾದ್ರೆ ನಂಗೂ ಅಮ್ಮ ಹೋದ ದಿನದ ರೇಟೇ ಅಲ್ವಾ?" ಅಂದ. ಅಲ್ಲ. ಭಾರತದಲ್ಲಿ ತೀರಿಕೊಂಡ ದಿನದ ದರಕ್ಕೆ ಲೆಕ್ಕದಲ್ಲಿ ಜಾಗವೇ ಇಲ್ಲ. ಅಲ್ಲಿ ಅಮ್ಮ ಕೊಟ್ಟ ಬೆಲೆಯೇ ಮಗನ ಅಸಲು. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ಆಗ ಅಪ್ಪಟ ಚಿನ್ನ ಹತ್ತು ಗ್ರಾಂಗೆ ಸುಮಾರು 4,300 ರೂಪಾಯಿ. ಅವನ 96.8 ಗ್ರಾಂಗೆ 42 ಸಾವಿರ ಆಯಿತು ಅಷ್ಟೇ. 2018ರ ದರ ಹಿಡಿದಿದ್ದರೆ 2.9 ಲಕ್ಷ ಆಗುತ್ತಿತ್ತು.

ಲಾಭ 7.88 ಲಕ್ಷ, ಅದರ ಮೇಲೆ ಶೇಕಡ 12.5, ಸೆಸ್ ಸೇರಿ ಒಂದು ಲಕ್ಷ ದಾಟಿತು. 2024ರ ಜುಲೈ 23ರಿಂದ ಬಂಗಾರಕ್ಕೆ ಇಂಡೆಕ್ಸೇಶನ್, ಅಂದರೆ ಬೆಲೆಯೇರಿಕೆಗೆ ತಕ್ಕ ಹಾಗೆ ಅಸಲನ್ನು ಹೆಚ್ಚಿಸಿಕೊಳ್ಳುವುದು, ಇಲ್ಲ, ಹಾಗಾಗಿ 42 ಸಾವಿರವನ್ನು ಹಿಗ್ಗಿಸುವ ದಾರಿಯೂ ಇರಲಿಲ್ಲ. ಅವನ ಆಡಿಟರ್ ರಿಜಿಸ್ಟರ್ಡ್ ವ್ಯಾಲ್ಯುಯರ್ ಹತ್ತಿರ 2001ರ ಬೆಲೆಗೆ ಒಂದು ಪತ್ರ ಬರೆಸಿಕೊಂಡರು. ಅಲ್ಲಿ ಹಳೆ ಬಂಗಾರ ಕೊಟ್ಟು ಹೊಸ ಒಡವೆ ತಗೊಂಡರೂ ಮಾರಿದ ಹಾಗೆಯೇ ಲೆಕ್ಕ, ಅದನ್ನು ಎಷ್ಟೋ ಜನ ಮರೆಯುತ್ತಾರೆ.

ಇಲ್ಲಿದ್ದುಕೊಂಡು ಊರಿನ ಲಾಕರಿನ ಬಂಗಾರ ಪಡೆದು ಅಲ್ಲೇ ಮಾರುವವರಿಗೆ ಎರಡೂ ಲೆಕ್ಕ ಬರುತ್ತದೆ. ಭಾರತದ ರಿಟರ್ನ್‌ನಲ್ಲಿ ಹಳೆ ಅಸಲು, ಅಮೆರಿಕದ ರಿಟರ್ನ್‌ನಲ್ಲಿ ತೀರಿಕೊಂಡ ದಿನದ ಬೆಲೆ. ತೀರಿಕೊಂಡವರು ಭಾರತದಲ್ಲೇ ಇದ್ದವರಾದರೂ ಅಮೆರಿಕದ ಲೆಕ್ಕಕ್ಕೆ ಆ ದಿನದ ಬೆಲೆಯೇ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಗೆ ಎತ್ತಿ ಹಾಕಬೇಡಿ. ಹಾಗೆ ಊರಿನವರಿಂದ ಒಂದು ವರ್ಷದಲ್ಲಿ ಬಂದದ್ದು ಒಟ್ಟು ಒಂದು ಲಕ್ಷ ಡಾಲರ್ ದಾಟಿದರೆ, ಮಾರದಿದ್ದರೂ ಫಾರಂ 3520 ಕೊಡಬೇಕು. ಟ್ಯಾಕ್ಸ್ ಇಲ್ಲ, ಆದರೆ ಫಾರಂ ಬಿಟ್ಟರೆ ದಂಡ ದೊಡ್ಡದು.

ಅಪ್ರೈಸರ್ ವರದಿ, ಚೀಟಿ, ಫೋಟೋ ಎಲ್ಲಾ ಒಂದು ಕವರಿಗೆ ಹಾಕಿ ಅಮ್ಮನ ಡಬ್ಬಿಯಲ್ಲೇ ಇಟ್ಟಿದ್ದೇನೆ, 1986ರ ಬಿಲ್ಲಿನ ಜೊತೆ. ಎರಡು ಬಳೆ ನನ್ನ ಕೈಯಲ್ಲೇ ಇವೆ. ಮಗಳ ಮುಂದಿನ ವರ್ಷದ ಫೀಸಿಗೆ ಬೇರೆ ದಾರಿ ನೋಡಿಕೊಂಡೆವು.